ಮುಖದ ಚೌಕಟ್ಟು ಅಂಕಿಯನ್ನು ಮುಚ್ಚದಂತೆ ಸ್ಲೈಡ್ ರಚಿಸುವುದು ಹೇಗೆ?

ಪ್ರಶ್ನೆ: ನಾನು ಜೂಮ್‌ನಲ್ಲಿ ಕೃಷಿಕರಿಗೆ ಮಾಹಿತಿ ಸಭೆ ನಡೆಸುತ್ತೇನೆ. ಮೂಲೆಯಲ್ಲಿ ಬರುವ ನನ್ನ ವಿಡಿಯೊ ಸ್ಲೈಡಿನ ಅಂಕಿಗಳನ್ನು ಮುಚ್ಚುತ್ತದೆ, ಮೊಬೈಲಿನಲ್ಲಿ ಅಕ್ಷರವೇ ಕಾಣುವುದಿಲ್ಲ ಎಂದು ದೂರು ಬರುತ್ತಿದೆ. ಸ್ಲೈಡನ್ನು ಹೇಗೆ ಮಾಡಿದರೆ ಸರಿಯಾದೀತು?

ಉತ್ತರ: ಉಡುಪಿ ಜಿಲ್ಲೆಯ ಅಡಿಕೆ ಬೆಳೆಗಾರರ ಇಂಥದೇ ಸಭೆಗಳಿಗೆ ನಾನು ಸ್ಲೈಡ್ ತಯಾರಿಸಿಕೊಡುತ್ತೇನೆ. ನೋಡುವವರಲ್ಲಿ ಹೆಚ್ಚಿನವರು ಮೊಬೈಲ್ ಹಿಡಿದು ಕುಳಿತಿರುತ್ತಾರೆ. ಆದ್ದರಿಂದ ಮೊದಲು ನಿಶ್ಚಯಿಸಬೇಕಾದದ್ದು ಅಕ್ಷರದ ಗಾತ್ರವನ್ನು. ಅದು ನಿಶ್ಚಯವಾದರೆ ಒಂದು ಸ್ಲೈಡಿನಲ್ಲಿ ಎಷ್ಟು ಹಿಡಿಸುತ್ತದೆ, ಮುಖಕ್ಕೆ ಎಷ್ಟು ಜಾಗ ಬಿಡಬಹುದು ಎಂಬುದೆಲ್ಲ ತಾನಾಗಿ ಗೊತ್ತಾಗುತ್ತದೆ.

ಪವರ್‌ಪಾಯಿಂಟ್‌ನ ಸಾಮಾನ್ಯ 16:9 ಸ್ಲೈಡಿನ ಅಗಲ 33.87 ಸೆಂಟಿಮೀಟರ್. ಆರೂವರೆ ಇಂಚಿನ ಮೊಬೈಲನ್ನು ನೆಟ್ಟಗೆ ಹಿಡಿದರೆ ಪರದೆಯ ಅಗಲ 7 ಸೆಂಟಿಮೀಟರಿಗೂ ತುಸು ಕಡಿಮೆ. ಅಂದರೆ ಸ್ಲೈಡ್ ಸುಮಾರು ಐದನೇ ಒಂದು ಭಾಗಕ್ಕೆ ಕುಗ್ಗುತ್ತದೆ. ನೀವು 18 ಪಾಯಿಂಟಿನಲ್ಲಿ ಬರೆದದ್ದು ಅಲ್ಲಿ 4 ಪಾಯಿಂಟಿನಷ್ಟೂ ಇರುವುದಿಲ್ಲ. 40 ಪಾಯಿಂಟಿನಲ್ಲಿ ಬರೆದದ್ದು 8 ಪಾಯಿಂಟ್ ಆಗಿ, ಪತ್ರಿಕೆಯ ಸಣ್ಣ ಅಕ್ಷರದ ಮಟ್ಟದಲ್ಲಿ ಕಾಣುತ್ತದೆ. ಮೊಬೈಲನ್ನು ಅಡ್ಡ ಹಿಡಿದರೆ ಕುಗ್ಗುವುದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಿಗೆ ಮಾತ್ರ, ಆದರೆ ಎಲ್ಲರೂ ಅಡ್ಡ ಹಿಡಿಯುತ್ತಾರೆಂದು ನಂಬಿ ಕೂರುವಂತಿಲ್ಲ. ಓದಲೇಬೇಕಾದ ಅಂಕಿ ಮತ್ತು ಪದಗಳಿಗೆ 40 ಪಾಯಿಂಟ್, ಉಳಿದುದಕ್ಕೆ 28 ಪಾಯಿಂಟಿಗಿಂತ ಕಡಿಮೆ ಇಲ್ಲ ಎಂಬುದು ನಾನು ಪಾಲಿಸುವ ಅಳತೆ.

ಇನ್ನು ಮುಖದ ವಿಚಾರ. ನೇರ ಸಭೆಯಲ್ಲಿ ವಿಡಿಯೊ ಚೌಕಟ್ಟು ಎಲ್ಲಿ ಬರುತ್ತದೆ ಎಂಬುದು ನೋಡುವವರ ಸಾಧನ ಮತ್ತು ಅವರು ಆರಿಸಿಕೊಂಡ ನೋಟವನ್ನು ಅವಲಂಬಿಸಿದೆ; ಅಡ್ಡ ಬಂದರೆ ಬಹಳಷ್ಟು ಕಡೆ ಅವರೇ ಅದನ್ನು ಬೆರಳಿನಿಂದ ಎಳೆದು ಸರಿಸಬಹುದು. ನಿಜವಾದ ತೊಂದರೆ ಇರುವುದು ರೆಕಾರ್ಡಿಂಗಿನಲ್ಲಿ. ಹಂಚಿದ ಪರದೆಯ ಜೊತೆಗೆ ಮಾತನಾಡುವವರನ್ನೂ ಸೇರಿಸಿ ಜೂಮ್ ಕ್ಲೌಡಿನಲ್ಲಿ ರೆಕಾರ್ಡ್ ಮಾಡಿದರೆ ಮಾತುಗಾರರ ಚಿಕ್ಕ ಚಿತ್ರ ಬಲಗಡೆಯ ಮೇಲಿನ ಮೂಲೆಯಲ್ಲಿ ಅಚ್ಚೊತ್ತಿದಂತೆ ಕೂತುಬಿಡುತ್ತದೆ, ಆಮೇಲೆ ಅದನ್ನು ಯಾರೂ ಸರಿಸಲಾರರು. ಮಳೆಯ ಕಾರಣಕ್ಕೆ ಕರೆಂಟೋ ನೆಟ್‌ವರ್ಕೋ ಕೈಕೊಟ್ಟು ಸಭೆಗೆ ಬರಲಾಗದವರು ವಾಟ್ಸಾಪ್ ಗುಂಪಿನಲ್ಲಿ ನೋಡುವುದು ಇದನ್ನೇ. ಆದ್ದರಿಂದ ರೆಕಾರ್ಡಿಂಗಿನ ಮೂಲೆಯನ್ನೇ ಆಧಾರವಾಗಿಟ್ಟುಕೊಂಡು ವಿನ್ಯಾಸ ಮಾಡುವುದು ಮೇಲು.

ಮಾಡುವ ಕ್ರಮ ಹೀಗೆ. `View > Slide Master` ತೆರೆದು, ಎಡಗಡೆಯ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿರುವ ದೊಡ್ಡ ಸ್ಲೈಡನ್ನು ಆರಿಸಿ, ಮತ್ತೆ `View` ಟ್ಯಾಬಿಗೆ ಹೋಗಿ `Guides` ಎಂಬುದಕ್ಕೆ ಗುರುತು ಹಾಕಿ. ನಟ್ಟನಡುವೆ ಕಾಣುವ ಲಂಬ ಗೆರೆಯನ್ನು ಬಲಕ್ಕೆ ಸುಮಾರು 8.5 ಸೆಂಟಿಮೀಟರ್ ಎಳೆದರೆ ಬಲಗಡೆಯ ಕಾಲುಭಾಗ ಪ್ರತ್ಯೇಕವಾಗುತ್ತದೆ. ಅಡ್ಡಗೆರೆಯನ್ನು ಮೇಲಕ್ಕೆ 4.8 ಸೆಂಟಿಮೀಟರ್ ಎಳೆಯಿರಿ. ಈ ಎರಡು ಗೆರೆಗಳ ಆಚೆ ಉಳಿಯುವ ಬಲ ಮೇಲ್ಮೂಲೆ ಮುಖಕ್ಕೆ ಮೀಸಲು. ಶೀರ್ಷಿಕೆಯ ಪೆಟ್ಟಿಗೆಯನ್ನು ಮಾಸ್ಟರಿನಲ್ಲಿಯೇ ಕಿರಿದುಮಾಡಿ ಲಂಬ ಗೆರೆಯ ಬಳಿ ನಿಲ್ಲಿಸಿ, ಅಕ್ಷರಗಳನ್ನು ಎಡಕ್ಕೆ ಹೊಂದಿಸಿ. ಮಾಸ್ಟರಿನಲ್ಲಿ ಮಾಡಿದ್ದರಿಂದ ಮುಂದಿನ ಬಹುತೇಕ ಸ್ಲೈಡುಗಳಿಗೂ ಅದೇ ಮಿತಿ ಅನ್ವಯವಾಗುತ್ತದೆ. ಸಂಘದ ಲಾಂಛನ ಬಲ ಮೂಲೆಯಲ್ಲೇ ಇರಬೇಕೆಂದು ಕಾರ್ಯದರ್ಶಿಗಳು ಪಟ್ಟುಹಿಡಿದರೆ ವಾದಿಸಬೇಡಿ, ಅಲ್ಲಿಯೇ ಇರಲಿ. ಮುಚ್ಚಿಹೋದರೂ ಯಾರಿಗೂ ನಷ್ಟವಿಲ್ಲದ ವಸ್ತು ಅದೊಂದೇ.

ಕೆಳಭಾಗದ ಹತ್ತನೇ ಒಂದು ಪಾಲನ್ನೂ ಖಾಲಿ ಬಿಡಿ. ನೇರ ಉಪಶೀರ್ಷಿಕೆಗಳು ಬರುವುದು ಅಲ್ಲಿ, ಪರದೆ ಮುಟ್ಟಿದಾಗ ಗುಂಡಿಗಳು ತೇಲುವುದೂ ಅಲ್ಲಿಯೇ. ಗೂಗಲ್ ಮೀಟ್‌ನಲ್ಲಿ ನೋಡುವವರ ಸ್ವಂತ ಚಿತ್ರವೂ ಸಾಮಾನ್ಯವಾಗಿ ಬಲಗಡೆಯ ಕೆಳ ಮೂಲೆಯಲ್ಲಿ ತೇಲುತ್ತದೆ. ಕೋಷ್ಟಕ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಎಲ್ಲ ಲೆಕ್ಕದ ಒಟ್ಟು ಮೊತ್ತ ಬಂದು ನಿಲ್ಲುವುದು ಕೋಷ್ಟಕದ ಬಲ ಕೆಳಗಿನ ಕೋಣೆಯಲ್ಲಿಯೇ. ಆ ಒಂದು ಅಂಕಿಯನ್ನು ಎತ್ತಿ ಎಡಗಡೆ ಮೊದಲ ಸಾಲಿಗೆ ತಂದರೆ ಸಾಕು.

ಒಂದು ಉದಾಹರಣೆಯನ್ನೇ ನೋಡೋಣ. ಬೆಳೆಗಾರರ ಸಂಘವೊಂದರಿಂದ ಬಂದಿದ್ದ ಸ್ಲೈಡಿನ ಶೀರ್ಷಿಕೆ ‘ಅಡಿಕೆಯ ಕೊಳೆರೋಗ ನಿಯಂತ್ರಣಕ್ಕಾಗಿ ಬೋರ್ಡೋ ದ್ರಾವಣ ತಯಾರಿಸುವ ವಿಧಾನ – ಶೇ. 1’ ಎಂದಿತ್ತು. ಶೇಕಡಾ ಪ್ರಮಾಣ ಸರಿಯಾಗಿ ಮುಖದ ಅಡಿಗೆ ಹೋಗಿತ್ತು. ಕೆಳಗೆ ವಸ್ತುವಿನ ಹೆಸರು ಎಡಕ್ಕೆ, ಅಳತೆ ಬಲತುದಿಗೆ ಇರುವ ಕೋಷ್ಟಕ. ಅದರ ಕೆಳಗೆ ಬೆರೆಸುವ ಕ್ರಮವನ್ನು ವಿವರಿಸುವ ಸಣ್ಣಕ್ಷರದ ಐದು ಸಾಲು. ಇದನ್ನು ಮೂರು ಸ್ಲೈಡುಗಳಾಗಿ ಬಿಡಿಸಿದೆವು. ಮೊದಲನೆಯದರ ಶೀರ್ಷಿಕೆ ‘ಶೇ. 1ರ ಬೋರ್ಡೋ: ಅಳತೆ’. ಅದರ ಕೆಳಗೆ ಮೂರೇ ಸಾಲು, ಅಂಕಿ ಮೊದಲು: ‘1 ಕೆ.ಜಿ. ಮೈಲುತುತ್ತು’, ‘1 ಕೆ.ಜಿ. ಸುಣ್ಣ’, ‘100 ಲೀಟರ್ ನೀರು’. ಎರಡನೆಯದರಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ಮುಗಳ ಚಿತ್ರ, ಒಂದರಲ್ಲಿ 50 ಲೀಟರ್ ನೀರಿಗೆ ಮೈಲುತುತ್ತು, ಇನ್ನೊಂದರಲ್ಲಿ 50 ಲೀಟರ್ ನೀರಿಗೆ ಸುಣ್ಣ; ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೆಂದು ತೋರಿಸುವ ಒಂದು ದಪ್ಪ ಬಾಣ. ಮೂರನೆಯದು ಪರೀಕ್ಷೆ: ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣ ಹಾಕಬೇಕು. ಐದು ಸಾಲಿನ ಉಳಿದ ವಿವರವನ್ನು ಭಾಷಣಕಾರರು ಬಾಯಲ್ಲಿ ಹೇಳಿದರು. ಅದು ಸ್ಲೈಡಿನ ಕೆಲಸವೇ ಆಗಿರಲಿಲ್ಲ.

ಕನ್ನಡ ಲಿಪಿಗೆ ಸಂಬಂಧಿಸಿದ ಒಂದು ತೊಡಕಿದೆ. ನೆಟ್‌ವರ್ಕ್ ಕುಂಟಿದಾಗ ಚಿತ್ರ ಮಸುಕಾಗುತ್ತದೆ, ಆಗ ಮೊದಲು ಅಳಿಸಿಹೋಗುವುದು ಒತ್ತಕ್ಷರಗಳು. ‘ತುತ್ತು’ ಎಂಬಲ್ಲಿ ಕೆಳಗಿನ ಒತ್ತು ಬರೀ ಚುಕ್ಕೆಯಾಗುತ್ತದೆ. ಆದ್ದರಿಂದ ತೆಳುವಾದ ಅಕ್ಷರಶೈಲಿ ಬೇಡ, ಸಾಲುಗಳ ನಡುವಿನ ಅಂತರ 1.2ರಿಂದ 1.3ರವರೆಗೆ ಇರಲಿ. ಹಾಗೆಯೇ ಪರದೆ ಹಂಚುವಾಗ `Optimize for video clip` ಎಂಬುದಕ್ಕೆ ಗುರುತು ಬಿದ್ದಿದ್ದರೆ ತೆಗೆಯಿರಿ. ಅದು ಚಲನೆಯ ನಯಕ್ಕೆ ಆದ್ಯತೆ ಕೊಡುವುದರಿಂದ ನಿಂತ ಅಕ್ಷರಗಳ ಸ್ಪಷ್ಟತೆ ಕಡಿಮೆಯಾಗುತ್ತದೆ.

4:3 ಸ್ಲೈಡ್ ಬಳಸಬಹುದೇ ಎಂದು ಕೆಲವರು ಕೇಳುವುದುಂಟು. ನೆಟ್ಟಗೆ ಹಿಡಿದ ಮೊಬೈಲಿನಲ್ಲಿ ಅದಕ್ಕೆ ಹೆಚ್ಚು ಎತ್ತರ ಸಿಗುತ್ತದೆ, ಅಷ್ಟರಮಟ್ಟಿಗೆ ಲಾಭವೇ. ಕಂಪ್ಯೂಟರಿನಲ್ಲಿ ಮಾತ್ರ ಎರಡೂ ಬದಿಗೆ ಕಪ್ಪು ಪಟ್ಟಿ ಬೀಳುತ್ತದೆ. ನೋಡುವವರೆಲ್ಲ ಮೊಬೈಲಿನವರೇ ಎಂದು ಖಚಿತವಿದ್ದರೆ ನಾನು ಬೇಡವೆನ್ನಲಾರೆ.

ಪರೀಕ್ಷಿಸಲು ಎರಡು ಹಂತ ಸಾಕು. ಸ್ಲೈಡ್ ತಯಾರಿಸುವಾಗಲೇ ಕಂಪ್ಯೂಟರಿನಲ್ಲಿ ಅದನ್ನು ಕಿರಿದುಗೊಳಿಸಿ, ಪರದೆಗೆ ಸ್ಕೇಲ್ ಹಿಡಿದು, ಅಗಲ 7 ಸೆಂಟಿಮೀಟರ್ ಆದಾಗ ಓದಿ ನೋಡಿ. ಕಣ್ಣು ಕಿರಿದುಮಾಡಬೇಕಾಗಿ ಬಂದರೆ ಪದಗಳನ್ನು ಕಡಿಮೆ ಮಾಡಿ. ಸಭೆಯ ಹಿಂದಿನ ದಿನ ಲ್ಯಾಪ್‌ಟಾಪಿನಿಂದ ಸಭೆ ತೆರೆದು, ನಿಮ್ಮ ಮೊಬೈಲಿನಿಂದ ಇನ್ನೊಬ್ಬ ಕೇಳುಗರಂತೆ ಸೇರಿಕೊಂಡು, ಒಂದೆರಡು ನಿಮಿಷ ರೆಕಾರ್ಡ್ ಮಾಡಿ. ಕ್ಯಾಮೆರಾ ಚಾಲೂ ಇರಲಿ, ಏನಾದರೂ ಮಾತನಾಡುತ್ತಲೂ ಇರಿ. ಕ್ಯಾಮೆರಾ ಮುಚ್ಚಿಟ್ಟು ರೆಕಾರ್ಡ್ ಮಾಡಿದರೆ ನಿಮ್ಮ ಮುಖ ಎಷ್ಟು ಜಾಗ ತಿನ್ನುತ್ತದೆ ಎಂಬುದು ತಿಳಿಯುವುದೇ ಇಲ್ಲ.