ಗಂಟಿನ ಫೋಟೋದಲ್ಲಿ ಕಾಣದೇ ಇರುವುದು

«ಅಮ್ಮನ ಕುತ್ತಿಗೆಯ ಎಡಗಡೆ ಒಂದು ಗಂಟು ಬಂದಿದೆ. ಎರಡು ತಿಂಗಳಾಯ್ತು, ನೋವು ಏನೂ ಇಲ್ಲ ಅಂತಾರೆ. ಮೂರು ಫೋಟೋ ಹಾಕಿದ್ದೀನಿ. ಡಾಕ್ಟರ್ ಯಾರಾದ್ರೂ ಇದ್ರೆ ನೋಡಿ, ಇದು ಏನು ಅಂತ ಹೇಳ್ತೀರಾ?»

ನಾನು ತಾಲೂಕು ಆಸ್ಪತ್ರೆಯೊಂದರಲ್ಲಿ ಸರ್ಜನ್. ನಿಮ್ಮ ಮೂರೂ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ದವಡೆಯ ಕೆಳಗೆ, ಕಿವಿಯ ನೇರಕ್ಕೆ ಒಂದು ಉಬ್ಬು ಕಾಣುತ್ತದೆ. ಚರ್ಮ ಒಡೆದಿಲ್ಲ, ಗಾಯದ ಕಲೆ ಇಲ್ಲ. ಫೋಟೋದಿಂದ ನಾನು ಹೇಳಬಹುದಾದ್ದು ಇಷ್ಟೇ. ಇದು ಏನು ಅಂತ ಹೇಳಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೇ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರು ತಮ್ಮ ತಂಗಿಯ ಕುತ್ತಿಗೆಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದರು. ಹುಡುಗಿ ಕಾಲೇಜಿಗೆ ಹೋಗುತ್ತಿದ್ದಳು. ನಿಮ್ಮ ಫೋಟೋದ ಹಾಗೆಯೇ ನುಣ್ಣಗಿನ ಒಂದು ಉಬ್ಬು. ಚರ್ಮ ಸ್ವಲ್ಪ ಕೆಂಪಗಿದ್ದ ಹಾಗೆ ಕಂಡಿತು. ಹಲ್ಲಿನದೋ ಗಂಟಲಿನದೋ ಸೋಂಕು ಆಗಿ ಗ್ರಂಥಿ ಊದಿಕೊಂಡಿರಬೇಕು ಅಂದುಕೊಂಡೆ. ಆ್ಯಂಟಿಬಯಾಟಿಕ್ ಬರೆದುಕೊಟ್ಟೆ. ಮೂರು ವಾರ ಆದಮೇಲೆ ಗಂಟು ಹಾಗೇ ಇದೆ ಅಂತ ಅಣ್ಣ ಅವಳನ್ನು ಕರೆದುಕೊಂಡು ಬಂದರು.

ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು, ಮೊದಲು ಅಂಗೈಯ ಹಿಂಭಾಗವನ್ನು ಗಂಟಿನ ಮೇಲೆ ಇಟ್ಟೆ. ಬಿಸಿ ನೋಡುವುದು ಹೀಗೇ. ಅದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು, ಯಾಕೆಂದರೆ ಒತ್ತಿ ಉಜ್ಜಿದ ಮೇಲೆ ಯಾವ ಚರ್ಮವಾದರೂ ಬೆಚ್ಚಗಾಗುತ್ತದೆ. ಆಮೇಲೆ ಕುತ್ತಿಗೆಯ ಇನ್ನೊಂದು ಕಡೆ ಅದೇ ಜಾಗಕ್ಕೆ ಕೈ ಇಟ್ಟೆ. ಎರಡೂ ಕಡೆ ಒಂದೇ ಬಿಸಿ. ಫೋಟೋದಲ್ಲಿ ಕೆಂಪಗೆ ಕಂಡಿದ್ದು ಏನು ಅಂತ ಕೇಳಿದರೆ, ಮನೆಯಲ್ಲಿ ಅಜ್ಜಿ ಸುಣ್ಣ ಬೆಲ್ಲ ಕಲಸಿ ಹಚ್ಚಿದ್ದರಂತೆ. ಸುಣ್ಣಕ್ಕೆ ಚರ್ಮ ಉರಿದು ಕೆಂಪಾಗಿತ್ತು, ಅಷ್ಟೇ. ನಾನು ಸುಣ್ಣದ ಕೆಂಪನ್ನು ಸೋಂಕಿನ ಕೆಂಪು ಅಂದುಕೊಂಡಿದ್ದೆ. ನಮ್ಮ ಚರ್ಮದ ಬಣ್ಣಕ್ಕೆ ಇದರ ಉಲ್ಟಾ ಕೂಡ ಆಗುತ್ತದೆ. ಒಳಗೆ ಕೆಂಡದಂಥ ಬಾವು ಇದ್ದರೂ ಕೆಂಪು ಎದ್ದು ಕಾಣುವುದಿಲ್ಲ. ಜೊತೆಗೆ ಮೊಬೈಲ್ ಕ್ಯಾಮೆರಾ ತಾನೇ ಬಣ್ಣ ಸರಿಮಾಡಿ ಚರ್ಮವನ್ನು ನುಣುಪು ಮಾಡಿಬಿಡುತ್ತದೆ.

ಆಮೇಲೆ ಬೆರಳ ತುದಿಯಿಂದ ಮೆತ್ತಗೆ ಒತ್ತಿದೆ. ಒತ್ತುವಾಗ ನಾವು ಗಂಟನ್ನು ನೋಡುವುದಿಲ್ಲ, ರೋಗಿಯ ಮುಖ ನೋಡುತ್ತೇವೆ. ಹಿಂದೆ ನಿಂತಿದ್ದರೆ ಎದುರಿನ ಕನ್ನಡಿಯಲ್ಲಾದರೂ ಸರಿ, ಬಗ್ಗಿಯಾದರೂ ಸರಿ. ನೋವಾ ಅಂತ ಕೇಳಿದರೆ ಕೆಲವರು ಸಂಕೋಚಕ್ಕೆ ಇಲ್ಲ ಅಂತಾರೆ, ಹುಬ್ಬು ಮಾತ್ರ ಗಂಟು ಕಟ್ಟಿರುತ್ತದೆ. ಈ ಹುಡುಗಿಯ ಹುಬ್ಬು ಅಲ್ಲಾಡಲಿಲ್ಲ. ನಿಜಕ್ಕೂ ನೋವಿರಲಿಲ್ಲ.

ಬೆರಳನ್ನು ಸರಿಸಿ ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಫೋಟೋದಲ್ಲಿ ಒಂದೇ ಉಬ್ಬು ಇತ್ತು ಅಲ್ವಾ? ಕೈಗೆ ಸಿಕ್ಕಿದ್ದು ಮೂರು ಗಂಟು. ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದನ್ನು ಅಲುಗಿಸಿದರೆ ಮೂರೂ ಅಲುಗುತ್ತಿದ್ದವು. ನಡುವಿನದರ ಮೇಲೆ ಒತ್ತಿದರೆ ಬೆರಳಿನ ಕೆಳಗೆ ಏನೋ ಜರುಗಿದ ಹಾಗೆ, ನೀರು ತುಂಬಿದ ಬಲೂನಿನ ಹಾಗೆ ಆಗುತ್ತಿತ್ತು. ಅಂದರೆ ಒಳಗೆ ಕೀವು ಇತ್ತು. ಕೀವು ಇದೆ, ಆದರೆ ಬಿಸಿ ಇಲ್ಲ, ನೋವಿಲ್ಲ. ಹೀಗಿರುವ ಬಾವನ್ನು ನಾವು ತಣ್ಣನೆ ಬಾವು ಅಂತ ಕರೆಯುತ್ತೇವೆ. ಅದಕ್ಕೆ ಬಹುಪಾಲು ಕಾರಣ ಕ್ಷಯ. ಹಳಬರು ಗಂಡಮಾಲೆ ಅನ್ನುತ್ತಿದ್ದುದು ಇದನ್ನೇ. ಸೂಜಿ ಹಾಕಿ ಕೀವು ತೆಗೆದು, ಕ್ಷಯದ ರೋಗಾಣು ಹುಡುಕುವ ಸಿಬಿ-ನ್ಯಾಟ್ ಪರೀಕ್ಷೆಗೆ ಕಳಿಸಿದೆವು. ಕ್ಷಯ ಅಂತಲೇ ಬಂತು. ಆರು ತಿಂಗಳ ಮಾತ್ರೆ ಸರ್ಕಾರದಿಂದ ಉಚಿತವಾಗಿ ಸಿಕ್ಕಿತು. ಶುರುವಿನಲ್ಲಿ ಗಂಟು ಇನ್ನಷ್ಟು ಊದಿ ಎಲ್ಲರೂ ಹೆದರಿದ್ದರು. ಔಷಧಿ ಕೆಲಸ ಮಾಡುತ್ತಿರುವಾಗಲೂ ಹಾಗೆ ಆಗುವುದುಂಟು. ಮಾತ್ರೆ ಬಿಡಿಸಲಿಲ್ಲ, ಪೂರ್ತಿ ಇಳಿಯಿತು.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಇಂಥ ಬಾವನ್ನು ಮಾಮೂಲಿ ಕುರು ಅಂದುಕೊಂಡು ಕೊಯ್ದುಬಿಟ್ಟರೆ ಗಾಯ ಮಾಯುವುದಿಲ್ಲ. ತಿಂಗಳುಗಟ್ಟಲೆ ಸೋರುತ್ತಲೇ ಇರುತ್ತದೆ. ಮಾಮೂಲಿ ಕುರುವಿಗೆ ಕೊಯ್ಯುವುದೇ ಚಿಕಿತ್ಸೆ. ಎರಡೂ ಫೋಟೋದಲ್ಲಿ ಒಂದೇ ಥರ ಕಾಣಬಹುದು. ಕೈಯ ಹಿಂಭಾಗ ಇಟ್ಟರೆ ಆ ವ್ಯತ್ಯಾಸ ಸಿಗುತ್ತದೆ.

ಇನ್ನು ಗಟ್ಟಿತನದ ವಿಷಯ. ನಮಗೆ ಕಲಿಸುವಾಗ ಹೇಳಿಕೊಟ್ಟ ಒಂದು ಅಳತೆ ಇದೆ. ನೀವೂ ಈಗಲೇ ಮುಟ್ಟಿ ನೋಡಿಕೊಳ್ಳಬಹುದು. ತುಟಿ ಮುಟ್ಟಿದರೆ ಮೆತ್ತಗೆ, ಮೂಗಿನ ತುದಿ ಬಿಗಿ, ಹಣೆ ಗಟ್ಟಿ. ಕೊಬ್ಬಿನ ಗಂಟು ತುಟಿಯ ಕಡೆಗಿರುತ್ತದೆ. ಅದರ ಅಂಚಿನ ಮೇಲೆ ಬೆರಳಿಟ್ಟು ಒತ್ತಿದರೆ ಪಕ್ಕಕ್ಕೆ ಜಾರಿಬಿಡುತ್ತದೆ. ಸೋಂಕಿಗೆ ಊದಿದ ಗ್ರಂಥಿ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಬಿಗಿ, ಮುಟ್ಟಿದರೆ ನೋವು. ಲಿಂಫೋಮಾ ಅನ್ನುವ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಅದು ರಬ್ಬರಿನ ಹಾಗೆ ಇರುತ್ತದೆ, ಒತ್ತಿದರೆ ಪುಟಿಯುತ್ತದೆ. ಬಾಯಿಯದೋ ಗಂಟಲಿನದೋ ಕ್ಯಾನ್ಸರ್ ಗ್ರಂಥಿಗೆ ಬಂದಿದ್ದರೆ ಕಲ್ಲಿನಂತೆ ಇರುತ್ತದೆ.

ಕಡ್ಡಿಪುಡಿ ಹಾಕುವ ಅಭ್ಯಾಸ ಇದ್ದ ಒಬ್ಬ ಹಿರಿಯರು ನೆನಪಾಗುತ್ತಾರೆ. ಮಗ ಕಳಿಸಿದ್ದ ಫೋಟೋದಲ್ಲಿ ಗಂಟು ಇದೆ ಅಂತ ಹೇಳುವುದೇ ಕಷ್ಟವಿತ್ತು. ಗಡ್ಡದ ನೆರಳಿನಲ್ಲಿ ಹುಣಿಸೆ ಬೀಜದಷ್ಟು ಉಬ್ಬು. ಈ ಸಲ ಕರೆದುಕೊಂಡೇ ಬನ್ನಿ ಅಂದೆ. ಕೈಗೆ ಸಿಕ್ಕಿದ್ದು ಅದರ ಎರಡರಷ್ಟು ದೊಡ್ಡದು. ಹಣೆಯಷ್ಟು ಗಟ್ಟಿ. ಎರಡು ಬೆರಳಿನಲ್ಲಿ ಹಿಡಿದು ಮೇಲೆ ಕೆಳಗೆ, ಆಚೆ ಈಚೆ ಅಲುಗಿಸಿದೆ. ಒಂದು ಎಳೆಯಷ್ಟೂ ಸರಿಯಲಿಲ್ಲ. ಕ್ಯಾನ್ಸರ್ ಗ್ರಂಥಿಯ ಗೋಡೆ ದಾಟಿ ಪಕ್ಕದ ಭಾಗಕ್ಕೆ ಬೇರು ಬಿಟ್ಟಾಗ ಹೀಗಾಗುತ್ತದೆ. ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ನಾಲಿಗೆಯ ಪಕ್ಕದಲ್ಲಿ ಹುಣ್ಣು. ಅವರಿಗೆ ಅದು ಗೊತ್ತಿತ್ತು, ಹಲ್ಲು ತಾಗಿ ಆದದ್ದು ಅಂತ ಬಿಟ್ಟಿದ್ದರು. ಗಂಟಿಗೂ ನೋವಿರಲಿಲ್ಲ, ಹುಣ್ಣಿಗೂ ನೋವಿರಲಿಲ್ಲ.

ಇಲ್ಲೇ ನಿಮಗೆ ಒಂದು ಮಾತು ಒತ್ತಿ ಹೇಳಬೇಕು. ನೋವಿಲ್ಲ ಅನ್ನುವುದನ್ನು ಸಮಾಧಾನದ ವಿಷಯ ಅಂತ ತಗೋಬೇಡಿ. ಕುತ್ತಿಗೆಯ ಗಂಟಿನ ಮಟ್ಟಿಗೆ ನೋವು ಬಹಳ ಸಲ ಒಳ್ಳೆಯ ಕಡೆಯ ಸುದ್ದಿ. ನಾಲ್ಕು ದಿನದಲ್ಲಿ ಎದ್ದು, ಬಿಸಿಯಾಗಿ, ನೋಯುವ ಗಂಟು ಸಾಮಾನ್ಯವಾಗಿ ಸೋಂಕಿನದು. ಸುಮ್ನೆ ಎರಡು ತಿಂಗಳು ಕೂತಿರುವ ಗಂಟಿನ ಬಗ್ಗೆಯೇ ನನಗೆ ಜಾಸ್ತಿ ಯೋಚನೆ.

ಚರ್ಮದ ಕೆಳಗೆ ಗಂಟು ಎಲ್ಲಿ ಕೂತಿದೆ ಅನ್ನುವುದೂ ಫೋಟೋಗೆ ಸಿಗುವುದಿಲ್ಲ. ನಾವು ಮೊದಲು ಗಂಟಿನ ಮೇಲಿನ ಚರ್ಮವನ್ನು ಚಿವುಟಿ ಎತ್ತಿ ನೋಡುತ್ತೇವೆ. ಚರ್ಮ ಎದ್ದು ಬಂದರೆ ಗಂಟು ಅದರ ಕೆಳಗಿದೆ. ಎದ್ದು ಬರದಿದ್ದರೆ ಚರ್ಮಕ್ಕೇ ಅಂಟಿದೆ. ಚರ್ಮದ ಎಣ್ಣೆ ಗಂಟು ಹಾಗಿರುತ್ತದೆ, ಅದರ ಮೇಲೆ ಸಣ್ಣ ಕಪ್ಪು ಚುಕ್ಕೆಯೂ ಇರಬಹುದು. ಆಮೇಲೆ ಗದ್ದಕ್ಕೆ ಅಂಗೈ ಅಡ್ಡ ಇಟ್ಟು, ಅದನ್ನು ತಳ್ಳುತ್ತಾ ಬಲಗಡೆ ತಿರುಗಿ ಅಂತ ಹೇಳುತ್ತೇವೆ. ಎಡಗಡೆ ಕಿವಿಯ ಹಿಂದಿನಿಂದ ಎದೆಯವರೆಗೆ ಇಳಿಯುವ ದೊಡ್ಡ ಸ್ನಾಯು ಆಗ ಹಗ್ಗದ ಹಾಗೆ ಬಿಗಿಯುತ್ತದೆ. ಗಂಟು ಅದರಡಿ ಇದ್ದರೆ ಮರೆಯಾಗುತ್ತದೆ, ಮೇಲಿದ್ದರೆ ಇನ್ನೂ ಚೆನ್ನಾಗಿ ಕೈಗೆ ಸಿಗುತ್ತದೆ. ಅದುವರೆಗೆ ಅಲುಗುತ್ತಿದ್ದ ಗಂಟು ಈಗ ನಿಂತುಬಿಟ್ಟರೆ ಸ್ನಾಯುವಿಗೇ ಹಿಡಿದುಕೊಂಡಿದೆ ಅಂತ ಅರ್ಥ. ಅದೇ ಜಾಗದಲ್ಲಿ, ರಕ್ತನಾಳ ಕವಲಾಗುವ ಕಡೆ, ಅಪರೂಪಕ್ಕೆ ಒಂದು ಗಂಟು ಬರುತ್ತದೆ. ಅದು ಆಚೆ ಈಚೆ ಸರಿಯುತ್ತದೆ, ಮೇಲೆ ಕೆಳಗೆ ಸರಿಯುವುದಿಲ್ಲ, ಬೆರಳಿಗೆ ನಾಡಿ ಬಡಿದ ಹಾಗೆ ಆಗುತ್ತದೆ. ಅದಕ್ಕೇ ಯಾವ ಗಂಟಿಗೂ ಮುಟ್ಟಿ ನೋಡದೆ ಸೂಜಿ ಚುಚ್ಚಬಾರದು.

ಒಂದು ಅಲುಗಾಟವನ್ನು ಮಾತ್ರ ವಿಡಿಯೋದಲ್ಲಿ ನೋಡಬಹುದು. ಅಮ್ಮನಿಗೆ ಒಂದು ಗುಟುಕು ನೀರು ಕೊಟ್ಟು, ನುಂಗುವಾಗ ಗಂಟು ಮೇಲೇರುತ್ತದಾ ನೋಡಿ. ಏರಿದರೆ ಥೈರಾಯ್ಡ್‌ನದು ಇರಬಹುದು, ಯಾಕೆಂದರೆ ಥೈರಾಯ್ಡ್ ಶ್ವಾಸನಾಳಕ್ಕೆ ಅಂಟಿಕೊಂಡಿದೆ. ನಿಮ್ಮ ಅಮ್ಮನದು ಇರುವ ಎತ್ತರ ನೋಡಿದರೆ ಏರಲಾರದು ಅಂತ ನನ್ನ ಅಂದಾಜು.

ಮನೆಯಲ್ಲಿ ನೀವು ಮುಟ್ಟಿ ನೋಡುವುದು ತಪ್ಪಲ್ಲ. ಆದರೆ ಒಂದು ಸಲ ಸಾಕು. ದಿನಾ ಹಿಂಡಿದರೆ ಇಲ್ಲದ ನೋವೂ ಬರುತ್ತದೆ, ಆಗ ನಮಗೆ ದಾರಿ ತಪ್ಪುತ್ತದೆ. ಕುತ್ತಿಗೆಯ ಎರಡೂ ಕಡೆ ಒಟ್ಟಿಗೆ ಒತ್ತಬೇಡಿ, ತಲೆ ಸುತ್ತಬಹುದು. ಶಾಖ ಕೊಡುವುದು, ಸುಣ್ಣ ಹಚ್ಚುವುದು ಬೇಡ.

ಈ ವಾರದಲ್ಲೇ ಹತ್ತಿರದ ಸರ್ಜನ್ ಅಥವಾ ಕಿವಿ ಮೂಗು ಗಂಟಲಿನ ಡಾಕ್ಟರ್ ಹತ್ತಿರ ಹೋಗಿ. ಉಸಿರಾಡಲು ಅಥವಾ ನುಂಗಲು ಕಷ್ಟ ಅನ್ನಿಸಿದರೆ ಅವತ್ತೇ ಹೋಗಿ. ಅವರು ಮುಟ್ಟದೆ ಮಾತ್ರೆ ಬರೆದರೆ, ಒಮ್ಮೆ ಮುಟ್ಟಿ ನೋಡಿ ಸಾರ್ ಅಂತ ಕೇಳಲು ಸಂಕೋಚ ಬೇಡ. ಬಾಯಿ, ನಾಲಿಗೆ, ಗಂಟಲನ್ನೂ ನೋಡಬೇಕು. ಬೆರಳಿಗೂ ಮಿತಿ ಇದೆ. ಕ್ಷಯದ ಗ್ರಂಥಿ ಕೆಲವು ಸಲ ಲಿಂಫೋಮಾದಷ್ಟೇ ರಬ್ಬರಿನಂತೆ ಸಿಗುತ್ತದೆ. ಆದ್ದರಿಂದ ಸ್ಕ್ಯಾನ್ ಮತ್ತು ಎಫ್‌ಎನ್‌ಎಸಿ ಅನ್ನುವ ಸೂಜಿ ಪರೀಕ್ಷೆ ಹೇಳಬಹುದು. ಇಂಜೆಕ್ಷನ್‌ಗೆ ಬಳಸುವಂಥ ಸಣ್ಣ ಸೂಜಿಯೇ ಅದು, ಅಮ್ಮನಿಗೆ ಮೊದಲೇ ಹೇಳಿಡಿ. ಚುಚ್ಚಿದರೆ ರೋಗ ಹರಡುತ್ತದೆ ಅಂತ ಯಾರಾದರೂ ಹೆದರಿಸಿದರೆ ಆ ಭಯಕ್ಕೆ ಪರೀಕ್ಷೆ ಮುಂದೂಡಬೇಡಿ.

ಫೋಟೋಗಳನ್ನು ಅಳಿಸಬೇಡಿ. ಮೊದಲ ವಾರದ ಫೋಟೋ ಇದ್ದರೆ ತೋರಿಸಿ. ಇವತ್ತು ಇನ್ನೊಂದು ತೆಗೆಯಿರಿ, ಗಂಟಿನ ಪಕ್ಕದಲ್ಲಿ ಶಾಲೆ ಮಕ್ಕಳ ಸ್ಕೇಲ್ ಹಿಡಿದು. ಎರಡು ತಿಂಗಳಲ್ಲಿ ಎಷ್ಟು ಬೆಳೆದಿದೆ ಅನ್ನುವುದು ಮಾತ್ರ ನಮ್ಮ ಕೈಗೆ ಗೊತ್ತಾಗುವುದಿಲ್ಲ, ಅದಕ್ಕೆ ಫೋಟೋನೇ ಬೇಕು.