ಪ್ಲಾಂಟ್‌ನ ಯಂತ್ರಗಳನ್ನು ನಡೆಸುವ ಪಿಎಲ್‌ಸಿ, ಅವನ್ನು ಸ್ಕ್ರೀನ್‌ನಲ್ಲಿ ತೋರಿಸುವ ಸ್ಕಾಡಾಗಳಿಗೂ ಆಫೀಸ್ ಕಂಪ್ಯೂಟರ್‌ಗಳ ಹಾಗೆ ಪ್ರತಿ ತಿಂಗಳು ಸ್ಕ್ಯಾನ್, ಪ್ಯಾಚ್ ಮಾಡಿ ಅಂತ ಮ್ಯಾನೇಜರ್ ಅಂದಿದ್ದಾರೆ. ಪ್ಲಾಂಟ್‌ನವರು ಬಿಡ್ತಿಲ್ಲ. ಹೇಗೆ ಒಪ್ಪಿಸಲಿ?

ಒಪ್ಪಿಸಬೇಡಿ. ಅವರ ಹಠವೇ ಸರಿ. ನಾನು ಹೀಗೇ ಬೆನ್ನು ಬಿದ್ದು ಒಪ್ಪಿಸಿದ್ದೆ.

ಸಕ್ಕರೆ ಕಾರ್ಖಾನೆ, ಸೀಸನ್ ಜೋರಾಗಿತ್ತು. ಕಬ್ಬು ಹಿಂಡಿ ಉಳಿದ ಬಗಾಸ್ ಉರಿಸಿ ಕರೆಂಟ್ ಮಾಡುವ ಕೋಜನ್ ಪ್ಲಾಂಟೂ ಇತ್ತು. ಯಾವ ಮೆಷಿನ್‌ನಲ್ಲಿ ಯಾವ ವರ್ಷನ್ ಇದೆ ಅಂತ ಆಡಿಟ್‌ನವರಿಗೆ ಪಟ್ಟಿ ಬೇಕಿತ್ತು. "ಮಿಲ್ ಹೌಸ್ ಮಾತ್ರ, ಬಾಯ್ಲರ್ ಕಡೆ ಬರಲ್ಲ" ಅಂತ ಇನ್‌ಸ್ಟ್ರುಮೆಂಟೇಶನ್‌ನವರಿಗೆ ಮಾತು ಕೊಟ್ಟು ನೆಟ್‌ವರ್ಕ್ ಕೆದಕುವ ಈ ಸ್ಕ್ಯಾನ್ ಓಡಿಸಿದೆ:

```
nmap -sV -T4 -p- 192.168.10.0/24
```

ಸ್ವಲ್ಪ ಹೊತ್ತಿಗೆ ಬಾಯ್ಲರ್ ಆಪರೇಟರ್ ಕೂಗಿಕೊಂಡರು, "ಸಾರ್, ಡ್ರಮ್ ಲೆವೆಲ್ ಅಲ್ಲಾಡ್ತಾನೇ ಇಲ್ಲ!" ಉರಿಯುತ್ತಿರುವ ಬಾಯ್ಲರ್‌ನಲ್ಲಿ ಡ್ರಮ್‌ನ ನೀರಿನ ಮಟ್ಟ ತೋರಿಸುವ ಗೆರೆ ಸದಾ ಸಣ್ಣಗೆ ಏರಿಳಿಯುತ್ತಿರಬೇಕು. ಸ್ಕ್ರೀನ್‌ನ ಟ್ರೆಂಡ್ ಗ್ರಾಫ್‌ನಲ್ಲಿ ಅದು ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗಿತ್ತು. ಮೇಲೆ ಗೇಜ್ ಗ್ಲಾಸ್ ಹತ್ತಿರ ನಿಂತಿದ್ದವರು ವಾಕಿಟಾಕಿಯಲ್ಲಿ, ನೀರು ಏರಿಳಿಯುತ್ತಿದೆ ಅಂದರು. ಅಂದರೆ ಸ್ಕ್ರೀನ್ ಕೊನೆಗೆ ಬಂದ ಅಂಕಿಯನ್ನೇ ಹಿಡಿದು ಕೂತಿತ್ತು. ಅಷ್ಟರಲ್ಲಿ ಬಗಾಸ್ ಫೀಡರ್‌ಗಳು ನಿಂತವು, ಹಬೆಯ ಪ್ರೆಷರ್ ಇಳಿಯಿತು, ಟರ್ಬೈನ್ ಟ್ರಿಪ್ ಆಯಿತು, ಮಿಲ್ಲೂ ನಿಂತಿತು. ಹೊರಗೆ ಕಬ್ಬಿನ ಟ್ರಾಕ್ಟರ್‌ಗಳ ಸಾಲು.

ಬಾಯ್ಲರ್ ಪಿಎಲ್‌ಸಿಯ ಸಿಪಿಯು ನಿಂತಿರಲೇ ಇಲ್ಲ, ಲಾಜಿಕ್ ಓಡುತ್ತಲೇ ಇತ್ತು. ಕೆಟ್ಟದ್ದು ಅದರ ಪಕ್ಕದ ಈಥರ್ನೆಟ್ ಕಾರ್ಡ್. ಅದು ಒಂದೇ ಸಲಕ್ಕೆ ಬೆರಳೆಣಿಕೆಯ ಕನೆಕ್ಷನ್‌ಗಳನ್ನಷ್ಟೇ ಹಿಡಿಯಬಲ್ಲದು. ಗೊತ್ತಿರುವ ನಾಲ್ಕಾರು ಮೆಷಿನ್‌ಗಳ ಜತೆ ಪೋರ್ಟ್ 502ರಲ್ಲಿ ಮಾಡ್‌ಬಸ್ ಅನ್ನೋ ಪ್ಲಾಂಟ್ ಭಾಷೆ ಮಾತಾಡಲಷ್ಟೇ ಮಾಡಿದ್ದು. `-sV` ಅಂದರೆ ತೆರೆದಿರುವ ಪೋರ್ಟ್‌ಗೆ ತರಹೇವಾರಿ ಪ್ರಶ್ನೆ ಎಸೆದು ಉತ್ತರ ನೋಡುವುದು. ಆಫೀಸ್ ಸರ್ವರ್ ಆಗಿದ್ದರೆ ಅರ್ಥವಾಗದ್ದನ್ನು ಬಿಸಾಕಿ ಮುಂದೆ ಹೋಗುತ್ತದೆ. ಈ ಕಾರ್ಡ್ ಹ್ಯಾಂಗ್ ಆಯಿತು. ಇಂಧನ ಕಡೆಯ ಇನ್ನೊಂದು ಪಿಎಲ್‌ಸಿಗೆ ಇದರಿಂದ ಹೋಗುತ್ತಿದ್ದ, ನಾನು ಸರಿಯಿದ್ದೇನೆ ಅನ್ನುವ ಹಾರ್ಟ್‌ಬೀಟ್ ನಿಂತಿತು. ಬಾಯ್ಲರ್ ಸ್ಥಿತಿ ತಿಳಿಯದಿದ್ದರೆ ಫೀಡರ್ ನಿಲ್ಲಿಸು ಅಂತ ಅದರಲ್ಲಿ ಬರೆದಿತ್ತು, ನಿಲ್ಲಿಸಿತು. ತಪ್ಪೇನೂ ಮಾಡಲಿಲ್ಲ ಅದು.

ನನ್ನ ತಪ್ಪು nmap ಓಡಿಸಿದ್ದು ಅಂತ ಎಲ್ಲರೂ ಅಂತಾರೆ. ನನ್ನ ಪ್ರಕಾರ ತಪ್ಪು ಅದಕ್ಕೂ ಮೊದಲೇ ಆಗಿತ್ತು: ನಾನು ಡ್ರಾಯಿಂಗ್ ನಂಬಿದೆ. ಡ್ರಾಯಿಂಗ್ ಪ್ರಕಾರ ಬಾಯ್ಲರ್ ನೆಟ್‌ವರ್ಕ್ ಬೇರೆ. ಯಾವುದೋ ಸೀಸನ್‌ನಲ್ಲಿ ಬಾಯ್ಲರ್ ಸ್ಕ್ರೀನ್ ಮಿಲ್ ಹೌಸ್‌ನಲ್ಲೂ ಕಾಣಲಿ ಅಂತ ಯಾರೋ ಎರಡು ಸ್ವಿಚ್‌ಗಳ ಮಧ್ಯೆ ಒಂದು ಕೇಬಲ್ ಹಾಕಿದ್ದರು. ಐಪಿ ರೇಂಜ್ ಕೂಡ ಒಂದೇ. ಆಫ್ ಸೀಸನ್‌ನಲ್ಲಿ ಇದೇ ಸ್ಕ್ಯಾನ್ ಮಾಡಿ ಏನೂ ಆಗಿರಲಿಲ್ಲ, ಅದೂ ನನ್ನ ಧೈರ್ಯಕ್ಕೆ ಕಾರಣ. ಆಗ ಬಾಯ್ಲರ್ ಪ್ಯಾನೆಲ್‌ಗೆ ಸಪ್ಲೈಯೇ ಇರಲಿಲ್ಲ ಅನ್ನೋದು ಹೊಳೆಯಲೇ ಇಲ್ಲ. ಪ್ಯಾನೆಲ್ ಬಾಗಿಲು ತೆಗೆದು ಕೇಬಲ್ ಹಿಡಿದು ಹೋಗಿದ್ದರೆ, ಕನಿಷ್ಠ ಸ್ವಿಚ್‌ನ ಮ್ಯಾಕ್ ಟೇಬಲ್ ನೋಡಿದ್ದರೆ, ಗೊತ್ತಾಗಿಬಿಡುತ್ತಿತ್ತು.

ಆದ್ದರಿಂದ ಮೊದಲು ಕೇಳಿಸಿಕೊಳ್ಳಿ. ಸ್ವಿಚ್‌ನಲ್ಲಿ ಎಲ್ಲ ಮಾತಿನ ನಕಲು ಬರುವ ಮಿರರ್ ಪೋರ್ಟ್ ಮಾಡಿಸಿ, ವೈರ್‌ಶಾರ್ಕ್ ಹಚ್ಚಿ ಸುಮ್ಮನೆ ಕೂತರೆ ಯಾರು ಯಾರ ಜತೆ ಮಾತಾಡುತ್ತಿದ್ದಾರೆ ಅಂತ ತಿಳಿಯುತ್ತದೆ. ಮಾತಾಡದೆ ಇರುವ ಮೆಷಿನ್ ಇದರಲ್ಲಿ ಕಾಣಲ್ಲ, ಫರ್ಮ್‌ವೇರ್ ವರ್ಷನ್ನೂ ಎಷ್ಟೋ ಸಲ ಸಿಗಲ್ಲ. ಅದಕ್ಕೆ ಪಿಎಲ್‌ಸಿ ಪ್ರಾಜೆಕ್ಟ್ ಫೈಲ್ ನೋಡಿ, ಪ್ಯಾನೆಲ್ ಮುಂದೆ ನಿಂತು ಬರೆದುಕೊಳ್ಳಿ. ಕೆದಕುವ ಸ್ಕ್ಯಾನ್ ಬೇಕೇ ಬೇಕಾದರೆ ಶಟ್‌ಡೌನ್‌ನಲ್ಲಿ, ಒಂದೊಂದೇ ಮೆಷಿನ್.

ಪ್ಯಾಚ್ ಕಥೆಯೂ ಬೇರೆಯಲ್ಲ. 2023ರ ಮಾರ್ಚ್‌ನ ವಿಂಡೋಸ್ ಅಪ್‌ಡೇಟ್, ಬೇರೆ ಬೇರೆ ಕಂಪ್ಯೂಟರ್‌ಗಳ ಪ್ರೋಗ್ರಾಮ್‌ಗಳು ಮಾತಾಡಿಕೊಳ್ಳುವ ಡಿಕಾಮ್‌ನ ಭದ್ರತೆಯನ್ನು ಆಫ್ ಮಾಡಲಾಗದ ಹಾಗೆ ಬಿಗಿಮಾಡಿತು. ಆಫೀಸ್‌ನಲ್ಲಿ ಬಹುಪಾಲು ಯಾರಿಗೂ ಗೊತ್ತೇ ಆಗಲಿಲ್ಲ. ಹಳೆಯ ಓಪಿಸಿ ಸಾಫ್ಟ್‌ವೇರ್ ಎರಡು ಕಂಪ್ಯೂಟರ್‌ಗಳ ಮಧ್ಯೆ ಡೇಟಾ ಸಾಗಿಸುವುದು ಇದೇ ಡಿಕಾಮ್ ಮೇಲೆ. ಅದಕ್ಕೆ ವೆಂಡರ್ ಕೊಟ್ಟ ಅಪ್‌ಡೇಟ್ ಹಾಕದೆ ಇದೊಂದನ್ನೇ ಹಾಕಿದರೆ ಡೇಟಾ ಬರುವುದೇ ನಿಂತುಹೋಗಬಹುದು. ಹಾಗಾಗಿ ಕಂಟ್ರೋಲ್ ಸಿಸ್ಟಮ್ ವೆಂಡರ್ ಟೆಸ್ಟ್ ಮಾಡಿ ಸರಿ ಅಂದ ಪ್ಯಾಚ್ ಮಾತ್ರ, ಅದೂ ಇಮೇಜ್ ಬ್ಯಾಕಪ್ ತೆಗೆದು, ಮೊದಲು ಸ್ಟ್ಯಾಂಡ್‌ಬೈ ಸರ್ವರ್‌ಗೆ. ಲೋಡ್ ಅದರ ಮೇಲೆ ಹಾಕಿ ಕೆಲವು ಶಿಫ್ಟ್ ನೋಡಿ ಆಮೇಲೆ ಇನ್ನೊಂದಕ್ಕೆ. ಪಿಎಲ್‌ಸಿ ಫರ್ಮ್‌ವೇರ್‌ಗೆ ಸಾಮಾನ್ಯವಾಗಿ ಸಿಪಿಯು ಸ್ಟಾಪ್ ಮಾಡಲೇಬೇಕು, ಆಮೇಲೆ ಅಪಾಯವಾದಾಗ ಯಂತ್ರ ತಡೆಯುವ ಇಂಟರ್‌ಲಾಕ್‌ಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಬೇಕು. ಸಕ್ಕರೆಯವರಿಗೆ ಅದು ಆಫ್ ಸೀಸನ್ ಕೆಲಸ. ಅಲ್ಲಿಯವರೆಗೆ ಫೈರ್‌ವಾಲ್‌ನಲ್ಲಿ 502ಕ್ಕೆ ಗೊತ್ತಿರುವ ಐಪಿಗಳನ್ನಷ್ಟೇ ಬಿಡಿ, ಕೀ ಸ್ವಿಚ್ ಇರುವ ಪಿಎಲ್‌ಸಿಯಲ್ಲಿ ಕೀ RUNನಲ್ಲಿಟ್ಟು ತೆಗೆದು ಶಿಫ್ಟ್ ಇನ್‌ಚಾರ್ಜ್ ಕೈಗೆ ಕೊಡಿ. ಅದೇ ಸ್ವಿಚ್‌ಗೆ ಲ್ಯಾಪ್‌ಟಾಪ್ ಚುಚ್ಚುವವರನ್ನು ಫೈರ್‌ವಾಲ್ ತಡೆಯಲ್ಲ, ಖಾಲಿ ಪೋರ್ಟ್‌ಗಳನ್ನೂ ಮುಚ್ಚಿಸಿ.

ಮ್ಯಾನೇಜರ್‌ಗೆ ಪ್ರತಿ ತಿಂಗಳು ರಿಪೋರ್ಟ್ ಬೇಕಂದರೆ ಕೊಡಿ: ಈ ತಿಂಗಳು ಬಂದ ಪ್ಯಾಚ್, ಅದಕ್ಕೆ ವೆಂಡರ್ ಹೇಳಿದ್ದೇನು, ಯಾವ ಶಟ್‌ಡೌನ್‌ನಲ್ಲಿ ಹಾಕುತ್ತೇವೆ, ಅಲ್ಲಿಯವರೆಗೆ ಏನು ಮುಚ್ಚಿದ್ದೇವೆ. ಸಹಿ ಪ್ಲಾಂಟ್‌ನವರದ್ದೇ ಇರಲಿ.