12 ಲಕ್ಷದ ಮಿತಿಗಿಂತ ಸ್ವಲ್ಪವೇ ಹೆಚ್ಚು ಸಂಬಳವಿದ್ದರೆ 65 ಸಾವಿರ ತೆರಿಗೆ ಕಟ್ಟಬೇಕೇ?

ಪ್ರಶ್ನೆ: 2025-26ರಲ್ಲಿ ನನ್ನ ಸಂಬಳ 12,95,000 ರೂಪಾಯಿ ಆಗುತ್ತಿದೆ. ಕೇವಲ 20 ಸಾವಿರ ಹೆಚ್ಚಾಗಿದ್ದಕ್ಕೆ 65 ಸಾವಿರ ತೆರಿಗೆ ಕಟ್ಟಬೇಕಂತೆ. ಮಾರ್ಚ್ ಒಳಗೆ ಯಾವುದಾದರೂ ಪಾಲಿಸಿ ಮಾಡಿಸಲೇ, ಇಲ್ಲವೇ ಸಂಬಳ ಏರಿಕೆಯೇ ಬೇಡವೆನ್ನಲೇ?

ಪಾಲಿಸಿ ಖಂಡಿತ ಬೇಡ. 2024ರ ಮಾರ್ಚ್‌ನಲ್ಲಿ ನಾನೂ ನಿಮ್ಮ ಹಾಗೆಯೇ ಕಂಗಾಲಾಗಿದ್ದೆ. ಆಗ ಹೊಸ ತೆರಿಗೆ ಪದ್ಧತಿಯಲ್ಲಿ ಇಡೀ ತೆರಿಗೆಯನ್ನು ಮನ್ನಾ ಮಾಡುವ ರಿಬೇಟ್‌ನ ಮಿತಿ 7 ಲಕ್ಷವಿತ್ತು, ಸಂಬಳದಿಂದ ನೇರವಾಗಿ ಕಳೆಯುವ ಸ್ಟ್ಯಾಂಡರ್ಡ್ ಡಿಡಕ್ಷನ್ 50 ಸಾವಿರವಿತ್ತು. ನನ್ನ ಸಂಬಳ 7,62,000 ಆದ್ದರಿಂದ ತೆರಿಗೆಗೆ ಒಳಪಡುವ ಆದಾಯ 7,12,000 ಆಯಿತು. ಸ್ಲ್ಯಾಬ್ ಪ್ರಕಾರ ಕೂಡಿದಾಗ ಬಂದ 26,200 ರೂಪಾಯಿ ತೆರಿಗೆ ಮತ್ತು ಅದರ ಮೇಲಿನ ಸೆಸ್ ನೋಡಿ, ಮಿತಿ ಮೀರಿದ 12 ಸಾವಿರಕ್ಕೆ 27 ಸಾವಿರದ ದಂಡವೆಂದು ತಿಳಿದುಬಿಟ್ಟೆ. ಪರಿಚಯದ ಏಜೆಂಟರೊಬ್ಬರ ಮಾತು ಕೇಳಿ, ಆದಾಯವನ್ನು 7 ಲಕ್ಷಕ್ಕಿಂತ ಕೆಳಗಿಳಿಸುವ ಆಸೆಯಿಂದ 40 ಸಾವಿರ ರೂಪಾಯಿ ಪ್ರೀಮಿಯಂನ ವಿಮಾ ಪಾಲಿಸಿಗೆ ಸಹಿ ಹಾಕಿದೆ.

ಆ ಒಂದು ಸಹಿಯಲ್ಲಿ ಎರಡು ತಪ್ಪುಗಳಿದ್ದವು. ನನ್ನ ಭಯ ಹಳೆಯ ಪದ್ಧತಿಯಿಂದ ಬಂದದ್ದು ಎಂಬುದು ಮೊದಲನೆಯದು. ಅಲ್ಲಿ ಆದಾಯ 5 ಲಕ್ಷದವರೆಗೆ ಇದ್ದರೆ ತೆರಿಗೆ ಶೂನ್ಯ, ಹತ್ತು ರೂಪಾಯಿ ಮೀರಿದರೂ ಸೆಸ್ ಸೇರಿ ಸುಮಾರು 13 ಸಾವಿರ. ಮಧ್ಯೆ ಯಾವ ಆಸರೆಯೂ ಇಲ್ಲ. ಹೊಸ ಪದ್ಧತಿಯಲ್ಲಿ ಮಾತ್ರ, 87ಎ ಸೆಕ್ಷನ್ನಿನಲ್ಲೇ, ಮಾರ್ಜಿನಲ್ ರಿಲೀಫ್ ಇದೆ: ಮಿತಿಗಿಂತ ನೀವು ಎಷ್ಟು ಹೆಚ್ಚು ಗಳಿಸಿದಿರೋ ತೆರಿಗೆ ಅದಕ್ಕಿಂತ ಹೆಚ್ಚಾಗುವಂತಿಲ್ಲ. ಹಾಗಾಗಿ ನಾನು ಕಟ್ಟಬೇಕಿದ್ದದ್ದು 12,000 ಮತ್ತು 480 ರೂಪಾಯಿ ಸೆಸ್, ಒಟ್ಟು 12,480 ಮಾತ್ರ. ಇದು ತಿಳಿದದ್ದು ರಿಟರ್ನ್ ತುಂಬುವಾಗ. ಎರಡನೆಯ ತಪ್ಪು ಇನ್ನೂ ದಡ್ಡತನದ್ದು: ವಿಮಾ ಪ್ರೀಮಿಯಂಗೆ ಇರುವ 80ಸಿ ಅಡಿಯ ವಿನಾಯಿತಿ ಹೊಸ ಪದ್ಧತಿಯಲ್ಲಿ ಸಿಗುವುದೇ ಇಲ್ಲ. ಹಳೆಯ ಪದ್ಧತಿಗೆ ಮರಳಿದರಾದರೂ ಉಪಯೋಗವಾದೀತೇ ಎಂದು ಪಿಎಫ್ ಸಹಿತ ಲೆಕ್ಕ ಹಾಕಿದರೆ ತೆರಿಗೆ ಮೂರು ಪಟ್ಟಾಗುತ್ತಿತ್ತು. ಮರುವರ್ಷ ಪ್ರೀಮಿಯಂ ಕಟ್ಟಲಿಲ್ಲ. ಒಂದೇ ವರ್ಷ ಕಟ್ಟಿ ಬಿಟ್ಟ ಆ ಪಾಲಿಸಿಗೆ ಅದರ ಷರತ್ತಿನಂತೆ ಸರೆಂಡರ್ ಮೌಲ್ಯವೇನೂ ಇರಲಿಲ್ಲ. 12,480 ಉಳಿಸಲು ಹೊರಟು, ಅದನ್ನೂ ಕಟ್ಟಿ, 40 ಸಾವಿರವನ್ನೂ ಕಳೆದುಕೊಂಡೆ.

ನಿಮ್ಮ ಲೆಕ್ಕವನ್ನೂ ಹೀಗೆಯೇ ನೋಡಿ. 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಆದಾಯ 12,20,000. ಸ್ಲ್ಯಾಬ್ ಪ್ರಕಾರ 4ರಿಂದ 8 ಲಕ್ಷಕ್ಕೆ 20,000, 8ರಿಂದ 12 ಲಕ್ಷಕ್ಕೆ 40,000, ಉಳಿದ 20 ಸಾವಿರಕ್ಕೆ ಶೇಕಡಾ 15ರಂತೆ 3,000, ಒಟ್ಟು 63,000. ಸೆಸ್ ಸೇರಿದಾಗ 65,520 ಆಗುವುದರಿಂದ ನಿಮಗೆ ಯಾರೋ 65 ಸಾವಿರವೆಂದು ಹೇಳಿದ್ದಾರೆ. ಆದರೆ ನೀವು 12 ಲಕ್ಷದ ಮಿತಿ ಮೀರಿದ್ದು 20,000 ಮಾತ್ರ. ಆದ್ದರಿಂದ 43,000 ಮನ್ನಾ ಆಗಿ, 20,000 ತೆರಿಗೆ ಮತ್ತು 800 ಸೆಸ್ ಸೇರಿ 20,800 ಉಳಿಯುತ್ತದೆ. ರಿಟರ್ನಿನಲ್ಲಿ 87ಎ ರಿಬೇಟ್‌ನ ಸಾಲಿನಲ್ಲಿ ಆ 43,000 ಕಾಣಬೇಕು. ಅಲ್ಲಿ ಸೊನ್ನೆಯಿದ್ದರೆ ಎಲ್ಲೋ ಎಡವಿದ್ದೀರಿ.

ಸೆಸ್ ರಿಲೀಫ್‌ನ ನಂತರ ಬೀಳುವುದರಿಂದ, 12,75,000 ಸಂಬಳದವರಿಗಿಂತ ನಿಮ್ಮ ಕೈಗೆ 800 ರೂಪಾಯಿ ಕಡಿಮೆ ಬರುತ್ತದೆ ಎಂಬುದು ನಿಜ. ಆದಾಯ ಸುಮಾರು 12,70,600 ದಾಟಿದರೆ ರಿಲೀಫ್ ಮುಗಿಯುತ್ತದೆ. ಸಂಬಳ ಸುಮಾರು 13,49,000 ತಲುಪುವವರೆಗೂ ಕೈಗೆ ಬರುವ ಹಣ ಅವರದಕ್ಕಿಂತ ಹೆಚ್ಚುವುದಿಲ್ಲ. ಅಷ್ಟಕ್ಕಾಗಿ ಏರಿಕೆಯನ್ನು ಬೇಡವೆನ್ನುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಮುಂದಿನ ಏರಿಕೆಯ ಶೇಕಡಾವಾರು ಲೆಕ್ಕ ಈ ಸಂಬಳದ ಮೇಲೆಯೇ ನಿಲ್ಲುತ್ತದೆ. ಆದಾಯ 12 ಲಕ್ಷ ದಾಟಿ ರಿಲೀಫ್ ಮುಗಿಯುವವರೆಗೆ ಬ್ಯಾಂಕಿನ ಬಡ್ಡಿಯೂ ಹಾಗೆಯೇ ಕರಗುತ್ತದೆ ಎಂಬುದನ್ನು ಮರೆಯಬೇಡಿ. ಮಿತಿ ನೋಡುವುದು ಸಂಬಳವನ್ನಲ್ಲ, ಒಟ್ಟು ಆದಾಯವನ್ನು. ಎಫ್‌ಡಿಯಿಂದ 9 ಸಾವಿರ ಬಡ್ಡಿ ಬಂದರೆ ತೆರಿಗೆ 20,800ರಿಂದ 30,160ಕ್ಕೆ ಏರುತ್ತದೆ.

ಆದಾಯವನ್ನು ನಿಜವಾಗಿ ಇಳಿಸುವ ದಾರಿ ಒಂದಿದೆ: ಸಂಬಳದ ಆ 20 ಸಾವಿರವನ್ನು ನಿಮ್ಮ ಉದ್ಯೋಗದಾತರು ತಮ್ಮ ಪಾಲಿನ ಎನ್‌ಪಿಎಸ್ ವಂತಿಗೆಯಾಗಿ ಕಟ್ಟುವುದು. 80ಸಿಸಿಡಿ(2) ಅಡಿಯಲ್ಲಿ ಮೂಲ ವೇತನ ಮತ್ತು ಡಿಎಯ ಶೇಕಡಾ 14ರವರೆಗೆ ಹೊಸ ಪದ್ಧತಿಯಲ್ಲೂ ಇದು ಕಡಿತವಾಗುತ್ತದೆ. ಹಣ ನಿವೃತ್ತಿಯವರೆಗೆ ಬಹುತೇಕ ಕೈಗೆ ಸಿಗದು, ಆದರೂ ತೆರಿಗೆಯಾಗಿ ಪೂರ್ತಿ ಹೋಗುವುದಕ್ಕಿಂತ ಅದೇ ಲೇಸು. ನೀವೇ ಹೋಗಿ ಎನ್‌ಪಿಎಸ್ ಖಾತೆಗೆ ಕಟ್ಟಿದರೆ ಈ ಕಡಿತ ಸಿಗುವುದಿಲ್ಲ, ಆದ್ದರಿಂದ ಮಾರ್ಚ್ ಸಂಬಳ ತಯಾರಾಗುವ ಮೊದಲೇ ಅಕೌಂಟ್ಸ್ ವಿಭಾಗದವರನ್ನು ಕಂಡು ಇದಕ್ಕೆ ಅವಕಾಶವಿದೆಯೇ ಎಂದು ಕೇಳಿ.